ನಲವತ್ತರಲ್ಲಿ ವೃತ್ತಿ ಬದಲಾವಣೆ: ಏನು ಕಲಿಯಬೇಕು, ದುಡ್ಡು ಎಲ್ಲಿಂದ ಹೊಂದಿಸಬೇಕು?

ನಲವತ್ತರ ಆಸುಪಾಸಿನಲ್ಲಿ ವೃತ್ತಿ ಬದಲಿಸಲು ಹೊರಟವರ ಮುಂದೆ ಎರಡು ಪ್ರಶ್ನೆ ಇರುತ್ತವೆ. ಏನು ಕಲಿಯಲಿ? ದುಡ್ಡಿಗೆ ಏನು ಮಾಡಲಿ? ಹೆಚ್ಚಿನವರು ಮೊದಲನೆಯದಕ್ಕೆ ಉತ್ತರ ಹುಡುಕಿ, ಕೋರ್ಸಿಗೆ ಹೆಸರು ಕೊಟ್ಟ ಮೇಲೆ ಎರಡನೆಯದರ ಬಗ್ಗೆ ಯೋಚಿಸುತ್ತಾರೆ. ಅಲ್ಲೇ ಲೆಕ್ಕ ತಪ್ಪುತ್ತದೆ. ಯಾಕೆಂದರೆ ಈ ವಯಸ್ಸಿನಲ್ಲಿ ಕೋರ್ಸಿನ ಫೀಸು ದೊಡ್ಡ ಖರ್ಚೇ ಅಲ್ಲ. ಸಂಬಳವಿಲ್ಲದೆ ಕಳೆಯುವ ತಿಂಗಳುಗಳು ಮತ್ತು ಹೊಸ ಕೆಲಸದ ಮೊದಲ ವರ್ಷಗಳಲ್ಲಿ ಕಡಿಮೆ ಸಿಗುವ ಸಂಬಳ, ಇವೇ ದೊಡ್ಡ ಖರ್ಚು. ಏನು ಕಲಿಯುತ್ತೀರಿ ಅನ್ನುವುದೇ ಆ ತಿಂಗಳುಗಳು ಎಷ್ಟು ಅನ್ನುವುದನ್ನು ತೀರ್ಮಾನಿಸುತ್ತದೆ. ಹಾಗಾಗಿ ಎರಡೂ ಪ್ರಶ್ನೆಗಳನ್ನು ಒಟ್ಟಿಗೇ ಇಟ್ಟುಕೊಂಡು ಕೂರಬೇಕು.

ಒಂದು ಉದಾಹರಣೆ ಹಿಡಿದು ಹೋಗೋಣ. 41 ವರ್ಷದ ಮಹಿಳೆ. ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ 16 ವರ್ಷದ ಅನುಭವ. ಬಿಲ್ಲು ಪರಿಶೀಲಿಸುವುದು, ಪೂರೈಕೆದಾರರಿಗೆ ಹಣ ಪಾವತಿಸುವುದು, ತಿಂಗಳ ಕೊನೆಗೆ ಲೆಕ್ಕ ಮುಗಿಸುವುದು ಅವರ ಕೆಲಸ. ಆ ಕೆಲಸ ಈಗ ನಿಧಾನವಾಗಿ ಸಾಫ್ಟ್‌ವೇರ್‌ಗೆ ಹೋಗುತ್ತಿದೆ. ಅವರ ತಲೆಯಲ್ಲಿ ಮೂರು ದಾರಿಗಳಿವೆ: ವೆಬ್‌ಸೈಟ್ ಕಟ್ಟುವ ಪ್ರೋಗ್ರಾಮಿಂಗ್, ನರ್ಸಿಂಗ್ ಮತ್ತು ಐಟಿ ಆಡಿಟ್, ಅಂದರೆ ಕಂಪನಿಯ ಕಂಪ್ಯೂಟರ್ ವ್ಯವಸ್ಥೆಗಳು ಸರಿಯಾಗಿ, ಸುರಕ್ಷಿತವಾಗಿ ನಡೆಯುತ್ತಿವೆಯಾ ಅಂತ ಪರಿಶೀಲಿಸುವ ಕೆಲಸ. ಗಂಡನಿಗೂ ಕೆಲಸವಿದೆ.

ಯಾವ ದೇಶದ ಹಣಕ್ಕಾದರೂ ಹೊಂದುವಂತೆ, ಮನೆಯ ಒಂದು ತಿಂಗಳ ಖರ್ಚನ್ನು 100 ಅಂತ ಇಟ್ಟುಕೊಳ್ಳೋಣ. ಅವರ ಕೈಗೆ ಬರುವ ಸಂಬಳ 90, ಗಂಡನದು 50. ತಿಂಗಳಿಗೆ 40 ಉಳಿಯುತ್ತದೆ. ನೀವೂ ನಿಮ್ಮ ಮನೆಯ ಖರ್ಚನ್ನು 100 ಮಾಡಿಕೊಂಡು ಉಳಿದ ಅಂಕಿಗಳನ್ನು ಬದಲಿಸುತ್ತಾ ಓದಬಹುದು.

ಮೊದಲು: ಬೇಸರ ಯಾವುದರ ಮೇಲೆ ಅಂತ ನೋಡಿಕೊಳ್ಳಿ

ಇದಕ್ಕೆ ಜಾಸ್ತಿ ಹೊತ್ತು ಬೇಡ, ಆದರೆ ಬಿಡಲೂಬಾರದು. ಬೇಸರ ಮೇಲಧಿಕಾರಿಯ ಮೇಲೋ, ಕಂಪನಿಯ ಮೇಲೋ, ಕೆಲಸದ ಮೇಲೋ? ಇದೇ ಕೆಲಸವನ್ನು ಬೇರೆ ಕಡೆ, ಒಳ್ಳೆಯವರ ಜೊತೆ ಮಾಡಿದರೆ ಸಾಕು ಅನ್ನಿಸಿದರೆ ಬೇರೆ ಕಂಪನಿ ಹುಡುಕಿ. ಅದಕ್ಕೆ ಮರುತರಬೇತಿ ಬೇಕಿಲ್ಲ. ಎಲ್ಲಿಗೆ ಹೋದರೂ ಈ ಕೆಲಸ ಬೇಡ, ಅಥವಾ ಈ ಕೆಲಸವೇ ಇನ್ನು ಹತ್ತು ವರ್ಷ ಇರಲಾರದು ಅನ್ನಿಸಿದರೆ ಮಾತ್ರ ಮುಂದೆ ಓದಿ.

ಎರಡನೇ ಹೆಜ್ಜೆ: ಕೋರ್ಸ್ ಬಿಟ್ಟು ಉದ್ಯೋಗ ಜಾಹೀರಾತಿನಿಂದ ಶುರು ಮಾಡಿ

ಕೋರ್ಸ್ ನಡೆಸುವವರು ತಾವು ಏನು ಕಲಿಸುತ್ತೇವೆ ಅಂತ ಹೇಳುತ್ತಾರೆ. ನಿಮಗೆ ಬೇಕಾಗಿರುವುದು, ಕೆಲಸ ಕೊಡುವವರು ಏನು ಕೇಳುತ್ತಾರೆ ಅನ್ನುವುದು. ಪ್ರತಿ ದಾರಿಗೂ ಮೂವತ್ತು ಉದ್ಯೋಗ ಜಾಹೀರಾತು ಓದಿ. ನೀವು ನಿಜವಾಗಿ ಹೋಗಬಲ್ಲ ಊರಿನವು, ನಿಜವಾಗಿ ಸೇರಬಲ್ಲ ಹಂತದವು ಆಗಿರಬೇಕು. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ: ಇದು ಇಲ್ಲದಿದ್ದರೆ ಅರ್ಜಿಯೇ ಬೇಡ ಅನ್ನುವಂಥದ್ದು, ಇದ್ದರೆ ಒಳ್ಳೆಯದು ಅನ್ನುವಂಥದ್ದು, ಮತ್ತು ನಿಮ್ಮ ಬಳಿ ಈಗಾಗಲೇ ಇರುವಂಥದ್ದು. ಮೂವತ್ತು ಓದುವ ಹೊತ್ತಿಗೆ ಅವೇ ಅವೇ ಮಾತುಗಳು ಮತ್ತೆ ಬರತೊಡಗುತ್ತವೆ. ಅಷ್ಟಾದರೆ ಸಾಕು.

ಒಂದು ಉದ್ಯೋಗದಲ್ಲಿ ದಿನನಿತ್ಯ ಏನು ಮಾಡುತ್ತಾರೆ ಅಂತ ತಿಳಿಯಲು ಅಮೆರಿಕದ ಕಾರ್ಮಿಕ ಇಲಾಖೆಯ O*NET ಜಾಲತಾಣ ಚೆನ್ನಾಗಿದೆ. ಅದು ಉಚಿತ, ಯಾವ ದೇಶದವರಾದರೂ ನೋಡಬಹುದು. ನೂರಾರು ಉದ್ಯೋಗಗಳ ಕೆಲಸ, ಕೌಶಲ, ಕೆಲಸದ ವಾತಾವರಣ ಎಲ್ಲವೂ ಪಟ್ಟಿಯಾಗಿ ಸಿಗುತ್ತವೆ. ಅಲ್ಲಿನ ಸಂಬಳದ ಅಂಕಿಗಳು ಮಾತ್ರ ಆ ದೇಶಕ್ಕೆ ಸೇರಿದವು. ಅವನ್ನು ನಂಬಿ ನಿಮ್ಮ ಲೆಕ್ಕ ಹಾಕಬೇಡಿ.

ನಮ್ಮ ಉದಾಹರಣೆಯ ಮಹಿಳೆ ಮೂರೂ ದಾರಿಗೆ ಹೀಗೆ ಪಟ್ಟಿ ಮಾಡಿದರು ಅನ್ನೋಣ. ವೆಬ್ ಪ್ರೋಗ್ರಾಮಿಂಗ್‌ನಲ್ಲಿ ಮೂರನೇ ಕಾಲಂ ಬಹುತೇಕ ಖಾಲಿ. 16 ವರ್ಷದ ಅನುಭವಕ್ಕೆ ಅಲ್ಲಿ ಬೆಲೆ ಕಡಿಮೆ, ಕಾಲೇಜು ಮುಗಿಸಿದವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ನರ್ಸಿಂಗ್‌ನಲ್ಲಿ ಮೊದಲ ಕಾಲಂನಲ್ಲಿ ಒಂದೇ ಮಾತು: ಮಾನ್ಯತೆ ಇರುವ ಸಂಸ್ಥೆಯಿಂದ ಓದು ಮತ್ತು ನೋಂದಣಿ. ಅದು ವರ್ಷಗಟ್ಟಲೆಯ, ಪೂರ್ಣಾವಧಿಯ, ಆಸ್ಪತ್ರೆಯಲ್ಲೇ ನಿಂತು ಕಲಿಯಬೇಕಾದ ಓದು. ಸಂಜೆ ಹೊತ್ತು ಮುಗಿಸುವಂಥದ್ದಲ್ಲ. ಐಟಿ ಆಡಿಟ್‌ನಲ್ಲಿ ಮೂರನೇ ಕಾಲಂ ಅರ್ಧ ತುಂಬಿತ್ತು. ಹಣ ಯಾರ ಒಪ್ಪಿಗೆಯಿಂದ ಹೇಗೆ ಹೊರಗೆ ಹೋಗುತ್ತದೆ, ಎಲ್ಲಿ ಮೋಸಕ್ಕೆ ಜಾಗ ಇರುತ್ತದೆ, ಲೆಕ್ಕಪರಿಶೋಧಕರು ಏನು ಕೇಳುತ್ತಾರೆ, ಇವೆಲ್ಲ ಅವರಿಗೆ ಗೊತ್ತು. ಗೊತ್ತಿಲ್ಲದಿರುವುದು ಡೇಟಾಬೇಸ್, ನೆಟ್‌ವರ್ಕ್, ಪಾಸ್‌ವರ್ಡ್ ಮತ್ತು ಪ್ರವೇಶ ಹಕ್ಕುಗಳ ತಾಂತ್ರಿಕ ಭಾಗ.

ಕ್ಷೇತ್ರ ಒಂದು, ಆ ಕ್ಷೇತ್ರದಲ್ಲಿ ಮಾಡುವ ಕೆಲಸ ಇನ್ನೊಂದು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಹಳೆಯ ಅನುಭವ ಪೂರ್ತಿ ಕೈಬಿಟ್ಟು ಹೋಗುತ್ತದೆ, ಸಂಬಳ ಹೊಸಬರ ಮಟ್ಟಕ್ಕೆ ಇಳಿಯುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬದಲಿಸಿದರೆ ಸಂಬಳ ಅಷ್ಟು ಬೀಳುವುದಿಲ್ಲ. ನಲವತ್ತರಲ್ಲಿ ನಿಮಗಿರುವ ಬಲ ಅನುಭವವೇ, ಅಲ್ವಾ? ಅದನ್ನು ಸುಮ್ನೆ ಬಿಟ್ಟುಕೊಡಬೇಡಿ. ಇದರ ಅರ್ಥ ನರ್ಸಿಂಗ್ ತಪ್ಪು ದಾರಿ ಅಂತಲ್ಲ. ಮನಸ್ಸು ಅಲ್ಲೇ ಇದ್ದರೆ ಅದಕ್ಕೆ ಬೇಕಾದ ದುಡ್ಡಿನ ಲೆಕ್ಕ ಬೇರೆ, ಅಷ್ಟೇ. ಅದು ಎಷ್ಟು ಬೇರೆ ಅನ್ನುವುದು ಮುಂದೆ ಕಾಣುತ್ತದೆ.

ಮೂರನೇ ಹೆಜ್ಜೆ: ಬಾಗಿಲು ಕಾಯುವ ನಿಯಮ ಓದಿ

ಪ್ರಮಾಣಪತ್ರ ಕೊಡುವ ಸಂಸ್ಥೆಯ ನಿಯಮವನ್ನು ತರಬೇತಿ ಕೇಂದ್ರದ ಕರಪತ್ರದಲ್ಲಿ ಓದಬಾರದು, ಆ ಸಂಸ್ಥೆಯ ಜಾಲತಾಣದಲ್ಲೇ ಓದಬೇಕು. ಐಟಿ ಆಡಿಟ್‌ನಲ್ಲಿ ಹೆಚ್ಚು ಕೇಳುವ ಪ್ರಮಾಣಪತ್ರ ಸಿಸಾ. ಅದನ್ನು ಕೊಡುವುದು ಇಸಾಕಾ ಎಂಬ ಅಂತರರಾಷ್ಟ್ರೀಯ ಸಂಸ್ಥೆ. ಪರೀಕ್ಷೆಯಲ್ಲಿ 150 ಪ್ರಶ್ನೆ, 4 ಗಂಟೆ. ಅಂಕಗಳು 200ರಿಂದ 800ರ ಮಾಪಕದಲ್ಲಿ ಬರುತ್ತವೆ, ಪಾಸಾಗಲು 450 ಬೇಕು.

ಇಲ್ಲಿ ತುಂಬಾ ಜನ ಎಡವುವ ಜಾಗ ಒಂದಿದೆ. ಪರೀಕ್ಷೆ ಪಾಸಾದ ಕೂಡಲೇ ಪ್ರಮಾಣಪತ್ರ ಸಿಗುವುದಿಲ್ಲ. ಈ ಕ್ಷೇತ್ರದಲ್ಲಿ 5 ವರ್ಷದ ಅನುಭವ ತೋರಿಸಬೇಕು. ಓದು ಮತ್ತು ಬೇರೆ ಕೆಲವು ಅನುಭವಗಳಿಗೆ ಗರಿಷ್ಠ 3 ವರ್ಷದ ರಿಯಾಯಿತಿ ಇದೆ. ಅಂದರೆ ಎಷ್ಟೇ ರಿಯಾಯಿತಿ ಸಿಕ್ಕರೂ ಕನಿಷ್ಠ 2 ವರ್ಷ ಕೆಲಸ ಮಾಡಿರಲೇಬೇಕು. ಪರೀಕ್ಷೆಯನ್ನು ಮಾತ್ರ ಅನುಭವಕ್ಕೂ ಮೊದಲೇ ಬರೆಯಬಹುದು, ಪಾಸಾದ 5 ವರ್ಷದೊಳಗೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ಹಾಗಾಗಿ ನಮ್ಮ ಮಹಿಳೆ ಮೊದಲ ಕೆಲಸಕ್ಕೆ ಅರ್ಜಿ ಹಾಕುವಾಗ ಪರಿಚಯ ಪತ್ರದಲ್ಲಿ "ಪರೀಕ್ಷೆ ಪಾಸಾಗಿದ್ದೇನೆ" ಅಂತ ಮಾತ್ರ ಬರೆಯಬಹುದು, ಹೆಸರಿನ ಪಕ್ಕ ಪದವಿ ಹಾಕಿಕೊಳ್ಳುವಂತಿಲ್ಲ. ಜಾಹೀರಾತಿನ ಪಟ್ಟಿಯಲ್ಲಿ "ಪ್ರಮಾಣಪತ್ರ ಕಡ್ಡಾಯ" ಅಂದವು ಎಷ್ಟು, "ಪರೀಕ್ಷೆ ಪಾಸಾಗಿದ್ದರೆ ಸಾಕು" ಅಂದವು ಎಷ್ಟು ಅಂತ ಎಣಿಸಿದರೆ, ಮೊದಲ ವರ್ಷ ಅವರಿಗೆ ನಿಜವಾಗಿ ತೆರೆದಿರುವ ಕೆಲಸಗಳೆಷ್ಟು ಅಂತ ಗೊತ್ತಾಗುತ್ತದೆ.

ಬೇರೆ ಕ್ಷೇತ್ರಗಳಲ್ಲೂ ಹೀಗೇ. ಯೋಜನಾ ನಿರ್ವಹಣೆಯ ಪಿಎಂಪಿ ಪರೀಕ್ಷೆಗೆ ಕೂರಲು, ಪದವಿ ಇದ್ದವರೂ ವರ್ಷಗಳ ಕಾಲ ಯೋಜನೆ ನಡೆಸಿದ ಅನುಭವ ತೋರಿಸಬೇಕು. ಅದು ಗೊತ್ತಿಲ್ಲದೆ ತರಬೇತಿಗೆ ದುಡ್ಡು ಕಟ್ಟಿದರೆ ಕೊನೆಗೆ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.

ನಾಲ್ಕನೇ ಹೆಜ್ಜೆ: ಫೀಸು ಕಟ್ಟುವ ಮೊದಲು ಆ ಕೆಲಸವನ್ನೇ ಸ್ವಲ್ಪ ಮಾಡಿ ನೋಡಿ

ಪರಿಚಯದ ವಿಡಿಯೊ ನೋಡುವುದು ಬೇರೆ, ಕೆಲಸ ಮಾಡುವುದು ಬೇರೆ. ನಾಲ್ಕರಿಂದ ಆರು ವಾರ, ಆ ವೃತ್ತಿಯವರು ನಿಜವಾಗಿ ಮಾಡುವ ಒಂದು ಸಣ್ಣ ಕೆಲಸವನ್ನು ಮಾಡಿ ನೋಡಬೇಕು.

ಐಟಿ ಆಡಿಟ್‌ನಲ್ಲಿ ಇಂಥದ್ದು ಸುಲಭವಾಗಿ ಸಿಗುತ್ತದೆ. ಕಂಪನಿ ಬಿಟ್ಟುಹೋದವರ ಪಟ್ಟಿ ಒಂದು ಕಡೆ, ಲೆಕ್ಕದ ಸಾಫ್ಟ್‌ವೇರ್‌ಗೆ ಈಗಲೂ ಪ್ರವೇಶ ಇರುವವರ ಪಟ್ಟಿ ಇನ್ನೊಂದು ಕಡೆ. ಎರಡನ್ನೂ ಹೋಲಿಸಿದರೆ, ಕೆಲಸ ಬಿಟ್ಟರೂ ಖಾತೆ ಜೀವಂತವಾಗಿರುವವರು ಸಿಗುತ್ತಾರೆ. ಇದು ಐಟಿ ಆಡಿಟರ್‌ಗಳು ಮಾಡುವ ತೀರಾ ಸಾಮಾನ್ಯ ಪರೀಕ್ಷೆ. ಇನ್ನೊಂದು: ಹೊಸ ಪೂರೈಕೆದಾರನ ಹೆಸರು ಸೇರಿಸುವ ಹಕ್ಕು ಮತ್ತು ಅವನಿಗೆ ಹಣ ಕಳಿಸುವ ಹಕ್ಕು ಒಬ್ಬರ ಕೈಯಲ್ಲೇ ಇದೆಯಾ? ಇದ್ದರೆ ಒಬ್ಬರೇ ಸುಳ್ಳು ಪೂರೈಕೆದಾರನನ್ನು ಸೃಷ್ಟಿಸಿ ಹಣ ಹೊರಗೆ ಕಳಿಸಬಹುದು. ಲೆಕ್ಕ ವಿಭಾಗದಲ್ಲಿ ಹದಿನಾರು ವರ್ಷ ಕಳೆದವರಿಗೆ ಇದರ ಅಪಾಯ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ತಮ್ಮ ಕಂಪನಿಯಲ್ಲೇ, ಒಪ್ಪಿಗೆ ಪಡೆದು, ಈ ಎರಡು ಪರಿಶೀಲನೆ ಮಾಡಿ ಎರಡು ಪುಟದ ವರದಿ ಬರೆಯಬಹುದು. ಒಪ್ಪಿಗೆ ಇಲ್ಲದೆ ಮಾತ್ರ ಮುಟ್ಟಬಾರದು, ಅದು ಕೆಲಸಕ್ಕೇ ಕುತ್ತು ತರುತ್ತದೆ. ಒಪ್ಪಿಗೆ ಸಿಗದಿದ್ದರೆ ಕಾಲ್ಪನಿಕ ಪಟ್ಟಿ ಮಾಡಿಕೊಂಡು ಅಭ್ಯಾಸ ಮಾಡಿದರೂ ಆದೀತು.

ಆರು ವಾರದ ಕೊನೆಗೆ ಒಂದನ್ನು ಗಮನಿಸಿ. ಕೆಲಸದ ಬೇಸರದ ಭಾಗ ಹೇಗನ್ನಿಸಿತು? ಐಟಿ ಆಡಿಟ್‌ನಲ್ಲಿ ಅದು ಪುರಾವೆ ಸಂಗ್ರಹಿಸಿ, ಸ್ಕ್ರೀನ್‌ಶಾಟ್ ತೆಗೆದು, ದಾಖಲೆ ಬರೆಯುವುದು. ದಿನದ ದೊಡ್ಡ ಪಾಲು ಅದೇ. ಅದನ್ನು ಸಹಿಸಲು ಆಗದವರಿಗೆ ಉಳಿದ ಭಾಗ ಎಷ್ಟು ಇಷ್ಟವಾದರೂ ಈ ದಾರಿ ಬೇಡ.

ಇದೇ ಹೊತ್ತಿನಲ್ಲಿ ಮೂವತ್ತೈದು ದಾಟಿದ ಮೇಲೆ ಈ ಕ್ಷೇತ್ರಕ್ಕೆ ಬಂದ ಇಬ್ಬರು ಮೂವರ ಜೊತೆ ಮಾತಾಡಿ. ಇತ್ತೀಚೆಗೆ ಬಂದವರಾದರೆ ಒಳ್ಳೆಯದು. ಇಪ್ಪತ್ತು ವರ್ಷದ ಹಿಂದೆ ಸೇರಿದವರಿಗೆ ಈಗಿನ ಬಾಗಿಲು ಗೊತ್ತಿರುವುದಿಲ್ಲ. ಮೊದಲ ಕೆಲಸ ಹುಡುಕಲು ಎಷ್ಟು ತಿಂಗಳು ಹಿಡಿಯಿತು, ಮೊದಲ ಸಂಬಳ ಹಳೆಯದಕ್ಕಿಂತ ಎಷ್ಟು ಕಡಿಮೆ ಇತ್ತು, ಈ ಎರಡನ್ನು ತಪ್ಪದೆ ಕೇಳಿ. ಮುಂದಿನ ಲೆಕ್ಕ ನಿಂತಿರುವುದೇ ಈ ಎರಡು ಉತ್ತರಗಳ ಮೇಲೆ.

ತರಬೇತಿ ಕೇಂದ್ರದವರನ್ನೂ ಕೇಳಬೇಕು, ಆದರೆ ಪ್ರಶ್ನೆ ಬೇರೆ. "ಇಷ್ಟು ಶೇಕಡಾ ಜನಕ್ಕೆ ಕೆಲಸ ಸಿಕ್ಕಿದೆ" ಅಂದಾಗ, ಆ ಶೇಕಡಾ ಯಾರ ಪೈಕಿ ಅಂತ ಕೇಳಿ. ಸೇರಿದವರು ಎಷ್ಟು, ಮುಗಿಸಿದವರು ಎಷ್ಟು, ಆರು ತಿಂಗಳೊಳಗೆ ಇದೇ ಕ್ಷೇತ್ರದಲ್ಲಿ ಕೆಲಸ ಸಿಕ್ಕಿದ್ದು ಎಷ್ಟು ಜನಕ್ಕೆ? 100 ಜನ ಸೇರಿ 40 ಜನ ಮುಗಿಸಿ 32 ಜನಕ್ಕೆ ಕೆಲಸ ಸಿಕ್ಕರೆ ಕರಪತ್ರದಲ್ಲಿ ಅದು ಶೇಕಡಾ 80 ಆಗುತ್ತದೆ. ನಿಮ್ಮ ಪಾಲಿಗೆ ಅದು ಶೇಕಡಾ 32. ಅಂಕಿ ಕೊಡಲು ಹಿಂಜರಿದರೆ ಅದೇ ಉತ್ತರ ಅಂತ ತಿಳಿದುಕೊಳ್ಳಿ.

ಐದನೇ ಹೆಜ್ಜೆ: ಪೂರ್ತಿ ಖರ್ಚು ಲೆಕ್ಕ ಹಾಕಿ

ಈಗ ದುಡ್ಡಿಗೆ ಬರೋಣ. ನಮ್ಮ ಮಹಿಳೆ ಮಾತಾಡಿಸಿದವರಿಂದ ತಿಳಿದದ್ದು ಹೀಗಿದೆ ಅನ್ನೋಣ. ಕೋರ್ಸು ಮತ್ತು ಪರೀಕ್ಷೆಗೆ ಒಟ್ಟು 60. ಕೆಲಸ ಹುಡುಕಲು 6 ತಿಂಗಳು. ಮೊದಲ ವರ್ಷದ ಸಂಬಳ 65, ಎರಡನೇ ವರ್ಷ 80, ಮೂರನೇ ವರ್ಷದಿಂದ 110. ಈಗಿನದು 90 ಅಂತ ನೆನಪಿರಲಿ.

ಮೊದಲ ಯೋಜನೆ: ಕೆಲಸ ಬಿಟ್ಟು 8 ತಿಂಗಳು ಪೂರ್ಣಾವಧಿ ಓದುವುದು, ಆಮೇಲೆ 6 ತಿಂಗಳು ಕೆಲಸ ಹುಡುಕುವುದು. ಒಟ್ಟು 14 ತಿಂಗಳು ಸಂಬಳವಿಲ್ಲ. ಆ ಹೊತ್ತಿಗೆ ಮನೆ ಖರ್ಚನ್ನು 80ಕ್ಕೆ ಇಳಿಸುತ್ತಾರೆ. ಗಂಡನ ಸಂಬಳ 50. ತಿಂಗಳಿಗೆ 30 ಕೊರತೆ, 14 ತಿಂಗಳಿಗೆ 420. ಫೀಸು ಸೇರಿ 480. ಇದರ ಜೊತೆ ಆರೋಗ್ಯ ಕೆಟ್ಟರೆ, ಗಂಡನ ಕೆಲಸ ಹೋದರೆ ಅಂತ ಮೂರು ತಿಂಗಳ ಖರ್ಚು 240 ಬೇರೆ ಇರಬೇಕು. ಒಟ್ಟು 720 ಕೈಯಲ್ಲಿ ಇದ್ದರೆ ಮಾತ್ರ ರಾಜೀನಾಮೆ. ಈಗಿನ ಉಳಿತಾಯದ ಲೆಕ್ಕದಲ್ಲಿ ಅದು 18 ತಿಂಗಳ ಉಳಿತಾಯ.

ಎರಡನೇ ಯೋಜನೆ: ಕೆಲಸದಲ್ಲಿದ್ದುಕೊಂಡೇ ವಾರಕ್ಕೆ ಹತ್ತು ಗಂಟೆಯಂತೆ 14 ತಿಂಗಳು ಓದುವುದು, 6 ತಿಂಗಳು ಹುಡುಕುವುದು, ನೇಮಕಾತಿ ಪತ್ರ ಕೈಗೆ ಬಂದ ಮೇಲೆಯೇ ಬಿಡುವುದು. ಬೇಕಾದದ್ದು ಫೀಸಿನ 60, ತುರ್ತು ನಿಧಿ 240, ಒಟ್ಟು 300. ಎಂಟು ತಿಂಗಳೊಳಗೆ ಕೂಡಿಡಬಹುದು.

ಇಷ್ಟನ್ನು ಹೆಚ್ಚಿನವರು ಲೆಕ್ಕ ಹಾಕುತ್ತಾರೆ. ಬಿಟ್ಟುಹೋಗುವುದು, ಕಳೆದುಕೊಂಡ ಸಂಬಳ. ಮೊದಲ ಯೋಜನೆಯಲ್ಲಿ 14 ತಿಂಗಳ 90 ಅಂದರೆ 1260 ಹೋಯಿತು. ಹೊಸ ಕೆಲಸದ ಮೊದಲ ವರ್ಷ ತಿಂಗಳಿಗೆ 25 ಕಡಿಮೆ, ಅದು 300. ಎರಡನೇ ವರ್ಷ ತಿಂಗಳಿಗೆ 10 ಕಡಿಮೆ, ಅದು 120. ಫೀಸು 60. ಒಟ್ಟು 1740. ಮೂರನೇ ವರ್ಷದಿಂದ ಹಳೆಯ ಸಂಬಳಕ್ಕಿಂತ ತಿಂಗಳಿಗೆ 20 ಜಾಸ್ತಿ, ವರ್ಷಕ್ಕೆ 240. ಅಂದರೆ 1740 ವಾಪಸ್ ಬರಲು ಅಲ್ಲಿಂದ ಏಳು ವರ್ಷಕ್ಕೂ ಮೇಲೆ ಬೇಕು. ಅಷ್ಟೊತ್ತಿಗೆ ಅವರಿಗೆ 51 ದಾಟಿರುತ್ತದೆ. ಎರಡನೇ ಯೋಜನೆಯಲ್ಲಿ ಕಳೆದುಕೊಳ್ಳುವುದು 480 ಮಾತ್ರ, ಅದು ಎರಡು ವರ್ಷದಲ್ಲಿ ವಾಪಸ್. 47ರ ಹೊತ್ತಿಗೆ ಲೆಕ್ಕ ಸಮವಾಗುತ್ತದೆ. ದುಡಿಯುವ ವರ್ಷಗಳು ಇನ್ನು ಇಪ್ಪತ್ತೇ ಉಳಿದಿರುವಾಗ ಈ ವ್ಯತ್ಯಾಸ ತುಂಬಾ ದೊಡ್ಡದು. 60ರ ಫೀಸು ಈ ಇಡೀ ಚಿತ್ರದಲ್ಲಿ ಎಷ್ಟು ಸಣ್ಣದು ನೋಡಿ. ಕಡಿಮೆ ಫೀಸಿನ ಕೋರ್ಸ್ ಹುಡುಕುವುದಕ್ಕಿಂತ, ಸಂಬಳ ನಿಲ್ಲದ ಹಾಗೆ ಓದಬಹುದಾದ ಕೋರ್ಸ್ ಹುಡುಕುವುದೇ ಜಾಸ್ತಿ ಉಳಿತಾಯ.

ನರ್ಸಿಂಗ್‌ನಂಥ ಪೂರ್ಣಾವಧಿ ಓದಿಗೆ ಇದೇ ಲೆಕ್ಕ ಹಾಕಿದರೆ ಮೂರು ವರ್ಷದ ಸಂಬಳವೇ 3240 ಆಗುತ್ತದೆ. ಅದು ಸಂಬಳದ ಏರಿಕೆಯಿಂದ ವಾಪಸ್ ಬರುವುದು ಕಷ್ಟ. ಆದರೂ ಹೋಗಲೇಬೇಕು ಅನ್ನಿಸಿದರೆ ಹೋಗಬಹುದು, ಅದನ್ನು ಲಾಭಕ್ಕಾಗಿ ಅಂದುಕೊಳ್ಳದೆ, ಬೇಕಾದ ಬದುಕಿಗೆ ಕೊಡುವ ಬೆಲೆ ಅಂತ ಗೊತ್ತಿದ್ದು ಹೋಗಬೇಕು. ಮನೆಯವರೂ ಆ ಬೆಲೆಗೆ ಒಪ್ಪಿರಬೇಕು.

ಎರಡನೇ ಯೋಜನೆಯ ಕಷ್ಟ ದಣಿವು. ದಿನವಿಡೀ ದುಡಿದು ರಾತ್ರಿ ಓದುವುದು 14 ತಿಂಗಳು ನಡೆಯುತ್ತದಾ? ಮೂರು ವಾರ ಒಂದೇ ಸಮ ಹತ್ತು ಗಂಟೆ ತುಂಬದಿದ್ದರೆ ಅದು ಸೋಮಾರಿತನವಲ್ಲ, ಯೋಜನೆ ಬದಲಿಸಬೇಕು ಅನ್ನುವ ಸೂಚನೆ. ಕಂಪನಿ ಒಪ್ಪಿದರೆ ವಾರಕ್ಕೆ ಐದರ ಬದಲು ಮೂರು ದಿನದ ಕೆಲಸಕ್ಕೆ ಇಳಿಯಬಹುದು. ಸಂಬಳ 54ಕ್ಕೆ ಇಳಿದರೂ ಗಂಡನ 50 ಸೇರಿ 104 ಬರುತ್ತದೆ, ಇಳಿಸಿದ ಖರ್ಚು 80. ಕೊರತೆಯೇ ಇಲ್ಲ.

ಆ 80ರಲ್ಲಿ ಬದುಕಲು ಆಗುತ್ತದಾ ಅಂತ ಮೊದಲೇ ಪರೀಕ್ಷಿಸಿ. ಸಂಬಳ ಬರುತ್ತಿರುವಾಗಲೇ ಮೂರು ತಿಂಗಳು 80ರಲ್ಲಿ ಮನೆ ನಡೆಸಿ, ಉಳಿದದ್ದನ್ನು ಬೇರೆ ಖಾತೆಗೆ ಹಾಕಿ. ಮೂರನೇ ತಿಂಗಳಲ್ಲೂ ಖರ್ಚು 92ಕ್ಕೆ ಬಂದು ನಿಂತರೆ ನಿಮ್ಮ ನಿಜವಾದ ಅಂಕಿ 92. ಲೆಕ್ಕ ಅದರ ಮೇಲೆಯೇ ಹಾಕಿ.

ಆರನೇ ಹೆಜ್ಜೆ: ದುಡ್ಡಿನ ಮೂಲಗಳು, ಈ ಕ್ರಮದಲ್ಲಿ

ಮೊದಲು ಈಗಿನ ಕಂಪನಿಯನ್ನೇ ಕೇಳಿ. ಹಲವು ಕಂಪನಿಗಳು ಕೆಲಸಕ್ಕೆ ಸಂಬಂಧಿಸಿದ ಓದಿಗೆ ಫೀಸು ಕೊಡುತ್ತವೆ. ಆ ಎರಡು ಪುಟದ ವರದಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಹಿ ಹಾಕುವ ಮೊದಲು ಓದಬೇಕಾದ ಸಾಲು ಒಂದೇ: ಓದು ಮುಗಿದ ಎಷ್ಟು ಕಾಲದೊಳಗೆ ಬಿಟ್ಟರೆ ಹಣ ವಾಪಸ್ ಕೊಡಬೇಕು? ಎರಡು ವರ್ಷ ಅಂದರೆ ನಿಮ್ಮ ಯೋಜನೆಗೆ ಎರಡು ವರ್ಷ ಸೇರಿತು. ಅದೇ ಕಂಪನಿಯ ಆಡಿಟ್ ತಂಡಕ್ಕೆ ಹೋಗುವ ಅವಕಾಶವಿದ್ದರೆ ಮಾತ್ರ ಅದು ತೊಂದರೆಯಲ್ಲ.

ಎರಡನೆಯದು ಸರ್ಕಾರದ ನೆರವು. ಕೆಲವು ದೇಶಗಳು ಈ ವಯಸ್ಸಿನವರಿಗಾಗಿಯೇ ಹಣ ಇಟ್ಟಿವೆ. ಸಿಂಗಾಪುರ 2024ರಲ್ಲಿ 40 ದಾಟಿದ ನಾಗರಿಕರಿಗೆ ಹೆಚ್ಚುವರಿ ತರಬೇತಿ ಹಣ ಕೊಟ್ಟಿತು. ಫ್ರಾನ್ಸ್‌ನಲ್ಲಿ ದುಡಿಯುವವರಿಗೆ ತರಬೇತಿ ಖಾತೆ ಇದೆ, ಅದು 2015ರಲ್ಲಿ ಶುರುವಾಯಿತು. ನೀವಿರುವ ಕಡೆ ಏನಿದೆ ಅಂತ ಕಾರ್ಮಿಕ ಮತ್ತು ಕೌಶಲ ಇಲಾಖೆಗಳ ಜಾಲತಾಣದಲ್ಲಿ ನೋಡಿ. ನೀವು ಆರಿಸಿದ ಕೋರ್ಸ್ ಅವರ ಪಟ್ಟಿಯಲ್ಲಿ ಇದೆಯಾ ಅನ್ನುವುದೂ ಮುಖ್ಯ.

ಮೂರನೆಯದು ನಿಮ್ಮ ಉಳಿತಾಯ, ತುರ್ತು ನಿಧಿ ಬಿಟ್ಟು.

ಸಾಲ ಆಮೇಲೆ. ಕಂತು ಹೊಸ ಕೆಲಸದ ಸಂಬಳದಲ್ಲಿ ಹತ್ತನೇ ಒಂದು ಭಾಗ ದಾಟಬಾರದು ಅಂತ ನನ್ನ ಅಭಿಪ್ರಾಯ. ಇಲ್ಲಿ ಹಿಡಿಯಬೇಕಾದದ್ದು ಈಗಿನ 90 ಅಲ್ಲ, ಕರಪತ್ರದ ಸಂಬಳವೂ ಅಲ್ಲ, ಮೊದಲ ವರ್ಷದ 65. ಅಂದರೆ ಕಂತು ಆರೂವರೆಯ ಒಳಗೆ. "ಈಗ ಫೀಸು ಬೇಡ, ಕೆಲಸ ಸಿಕ್ಕ ಮೇಲೆ ಸಂಬಳದ ಪಾಲು ಕೊಡಿ" ಅನ್ನುವ ಒಪ್ಪಂದಗಳೂ ಸಾಲದ ಹಾಗೆಯೇ. ಯಾವ ಸಂಬಳದಿಂದ ಪಾಲು ಶುರು, ಎಷ್ಟು ವರ್ಷ, ಒಟ್ಟು ಗರಿಷ್ಠ ಎಷ್ಟು, ಬೇರೆ ಕ್ಷೇತ್ರದಲ್ಲಿ ಕೆಲಸ ಸಿಕ್ಕರೂ ಕೊಡಬೇಕಾ? ಗರಿಷ್ಠ ಮಿತಿ ಬರೆದಿಲ್ಲದಿದ್ದರೆ ಸಹಿ ಬೇಡ.

ನಿವೃತ್ತಿಗೆ ಇಟ್ಟ ಹಣಕ್ಕೆ ಕೈ ಹಾಕಬೇಡಿ. ವರ್ಷಕ್ಕೆ ಶೇಕಡಾ 7ರಂತೆ ಬೆಳೆಯುವ ಹಣ ಹತ್ತು ವರ್ಷಕ್ಕೆ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. 40ರಲ್ಲಿ ತೆಗೆದ 100 ಅಂದರೆ, 60ರಲ್ಲಿ ಸಿಗಬೇಕಿದ್ದ ಸುಮಾರು 390. ಇದರ ಜೊತೆ ಅವಧಿಗೆ ಮೊದಲೇ ತೆಗೆದದ್ದಕ್ಕೆ ತೆರಿಗೆಯೋ ದಂಡವೋ ಬಿದ್ದರೆ ಅದೂ ಸೇರುತ್ತದೆ. ಅದನ್ನು ಮತ್ತೆ ತುಂಬಲು ನಿಮಗೆ ಇಪ್ಪತ್ತೈದು ವರ್ಷದವರಿಗೆ ಇರುವಷ್ಟು ಕಾಲವಿಲ್ಲ.

ಕೊನೆಯದು: ನಿಲ್ಲುವ ಗೆರೆಯನ್ನು ಶುರುವಾಗುವ ಮೊದಲೇ ಬರೆದಿಡಿ

ಕೆಲಸ ಬಿಟ್ಟು ಓದುವವರಿಗೆ ಇದು ತುಂಬಾ ಮುಖ್ಯ. ಕೆಲಸ ಹುಡುಕುವ ಆರನೇ ತಿಂಗಳಲ್ಲಿ "ಇನ್ನೊಂದು ತಿಂಗಳು ನೋಡೋಣ" ಅನ್ನುವುದು ಸಹಜ. ಹಾಗೆ ತುರ್ತು ನಿಧಿ ಕರಗುತ್ತದೆ. ಆದ್ದರಿಂದ ಗಂಡ ಹೆಂಡತಿ ಕೂತು ಮೊದಲೇ ಎರಡು ಗೆರೆ ಬರೆದಿಡಬೇಕು. ಖಾತೆಯಲ್ಲಿ 320 ಉಳಿದಾಗ, ಅಂದರೆ ನಾಲ್ಕು ತಿಂಗಳ ಖರ್ಚು ಇದ್ದಾಗ, ಹಳೆಯ ಕ್ಷೇತ್ರದಲ್ಲೇ ತಾತ್ಕಾಲಿಕ ಅಥವಾ ಗುತ್ತಿಗೆ ಕೆಲಸ ಹುಡುಕಲು ಶುರು. 240 ಮುಟ್ಟಿದಾಗ ಸಿಕ್ಕ ಕೆಲಸ ಒಪ್ಪಿಕೊಂಡು, ಹೊಸ ಕ್ಷೇತ್ರದ ಹುಡುಕಾಟ ಸಂಜೆಗೆ.

ಹುಡುಕಾಟದ ನಡುವೆಯೂ ಎಲ್ಲಿ ತಪ್ಪುತ್ತಿದೆ ಅಂತ ಅಂಕಿಯೇ ಹೇಳುತ್ತದೆ. ಮೂವತ್ತು ನಲವತ್ತು ಅರ್ಜಿ ಹಾಕಿದರೂ ಸಂದರ್ಶನದ ಕರೆಯೇ ಬರದಿದ್ದರೆ, ಒಂದೋ ಪರಿಚಯ ಪತ್ರದಲ್ಲಿ ಹಳೆಯ ಅನುಭವ ಹೊಸ ಕೆಲಸದ ಮಾತಿನಲ್ಲಿ ಬಂದಿಲ್ಲ, ಇಲ್ಲವೇ ಕಡ್ಡಾಯ ಅರ್ಹತೆ ಕೇಳುವ ಕೆಲಸಗಳಿಗೇ ಅರ್ಜಿ ಹೋಗುತ್ತಿದೆ. ಕರೆ ಬಂದು ಮೊದಲ ಸುತ್ತಿನಲ್ಲೇ ಬೀಳುತ್ತಿದ್ದರೆ ತಾಂತ್ರಿಕ ಭಾಗ ಇನ್ನೂ ಗಟ್ಟಿಯಾಗಬೇಕು. ಕೊನೆಯ ಸುತ್ತಿನವರೆಗೂ ಹೋಗಿ ತಪ್ಪುತ್ತಿದ್ದರೆ ದಾರಿ ಸರಿಯಿದೆ. ಆಗ ಕೋರ್ಸ್ ಮೇಲೆ ಕೋರ್ಸ್ ಸೇರಿಸಬೇಡಿ, ಅರ್ಜಿ ಹಾಕುತ್ತಿರಿ.